ಮೂರನೇ ಸ್ಟೆಪ್‌ನಲ್ಲೇ ಫ್ಯೂಸ್ ಹೋಗುವುದೇಕೆ?

ಒಂದು ಕಚೇರಿ ಕಟ್ಟಡವನ್ನು ಊಹಿಸಿಕೊಳ್ಳಿ. 1000 ಕೆವಿಎ ಟ್ರಾನ್ಸ್‌ಫಾರ್ಮರ್, 600 ಕಿಲೋವ್ಯಾಟ್ ಲೋಡ್. ಚಿಲ್ಲರ್ ಪಂಪು, ಎಸಿ ಬ್ಲೋವರ್‌ಗಳಿಗೆಲ್ಲ ಡ್ರೈವ್ ಕೂರಿಸಿದ್ದಾರೆ. ಮೀಟರ್ ತೋರಿಸುವ ಪವರ್ ಫ್ಯಾಕ್ಟರ್ 0.84. ಅದನ್ನು 0.98ಕ್ಕೆ ಏರಿಸಲು ಕೆಪಾಸಿಟರ್ ಎಷ್ಟು ಬೇಕು?

ಮೊದಲ ಎಡವಟ್ಟು ಆಗುವುದು ಇಲ್ಲೇ. 0.84 ಇಟ್ಟು ಲೆಕ್ಕ ಹಾಕಿದರೆ ಸುಮಾರು 265 ಕೆವಿಎಆರ್ ಬರುತ್ತದೆ. ಆದರೆ ಆ ಕೊರತೆಯಲ್ಲಿ ಎರಡು ಪಾಲಿದೆ: ಮೋಟಾರುಗಳಿಂದಾಗಿ ಕರೆಂಟು ವೋಲ್ಟೇಜಿಗಿಂತ ಹಿಂದೆ ಬೀಳುವುದು ಒಂದು, ಡ್ರೈವ್‌ಗಳು ಕರೆಂಟಿನ ಅಲೆಯ ಆಕಾರವನ್ನೇ ಕೆಡಿಸುವುದು ಇನ್ನೊಂದು. ಕೆಪಾಸಿಟರ್ ಸರಿಪಡಿಸುವುದು ಮೊದಲನೆಯದನ್ನು ಮಾತ್ರ. ಪವರ್ ಅನಲೈಸರ್‌ನಲ್ಲಿ 50 ಹರ್ಟ್ಸ್‌ನ ಪವರ್ ಫ್ಯಾಕ್ಟರನ್ನು ಪ್ರತ್ಯೇಕವಾಗಿ ನೋಡಿದಾಗ ಅದು 0.88 ಇತ್ತೆನ್ನಿ. ಆಗ ಬೇಕಾಗುವುದು 200 ಕೆವಿಎಆರ್, ಅಂದರೆ 50ರ ನಾಲ್ಕು ಸ್ಟೆಪ್.

ಎರಡನೆಯದು ಇನ್ನೂ ಅಪಾಯದ್ದು. ಸಾಮಾನ್ಯ ಆರು ಪಲ್ಸ್ ಡ್ರೈವ್‌ಗಳು 50 ಹರ್ಟ್ಸ್‌ನ 5, 7, 11, 13 ಪಟ್ಟಿನ ಹಾರ್ಮೋನಿಕ್ ಕರೆಂಟುಗಳನ್ನು ಲೈನಿಗೆ ಬಿಡುತ್ತವೆ. ಟ್ರಾನ್ಸ್‌ಫಾರ್ಮರ್ ಮತ್ತು ಕೆಪಾಸಿಟರ್ ಸೇರಿದರೆ ಅವಕ್ಕೆ ತಮ್ಮದೇ ಒಂದು ಲಯ ಬರುತ್ತದೆ. ಜೋಕಾಲಿಯನ್ನು ಅದರ ಲಯಕ್ಕೇ ನೂಕುತ್ತ ಹೋದರೆ ಸಣ್ಣ ನೂಕೂ ಸಾಕಲ್ಲ, ಹಾಗೆ ಸಣ್ಣ ಹಾರ್ಮೋನಿಕ್ ಕೂಡ ಇಲ್ಲಿ ಹಲವು ಪಟ್ಟು ಬೆಳೆಯುತ್ತದೆ. ಇದೇ ರೆಸೊನೆನ್ಸ್. ಅದು ಎಷ್ಟನೇ ಹಾರ್ಮೋನಿಕ್‌ನಲ್ಲಿ ಬರುತ್ತದೆಂದು ತಿಳಿಯಲು h = √(Ssc/Qc) ಸೂತ್ರವಿದೆ: ಶಾರ್ಟ್ ಸರ್ಕ್ಯೂಟ್ ಕೆವಿಎಯನ್ನು ಕೆಪಾಸಿಟರ್‌ನ ಕೆವಿಎಆರ್‌ನಿಂದ ಭಾಗಿಸಿ ವರ್ಗಮೂಲ ತೆಗೆಯಬೇಕು.

ನಮ್ಮ ಟ್ರಾನ್ಸ್‌ಫಾರ್ಮರ್ ಇಂಪೀಡೆನ್ಸ್ 5%. ಹಾಗಾಗಿ ಶಾರ್ಟ್ ಸರ್ಕ್ಯೂಟ್ ಮಟ್ಟ 20,000 ಕೆವಿಎ. ನಾಲ್ಕೂ ಸ್ಟೆಪ್ ಆನ್ ಆದಾಗ h ಸರಿಯಾಗಿ 10. ಡ್ರೈವ್‌ಗಳು ಹತ್ತನೆಯದನ್ನು ಅಷ್ಟಾಗಿ ಹುಟ್ಟಿಸುವುದಿಲ್ಲವಾದ್ದರಿಂದ ಇಲ್ಲಿಗೇ ಲೆಕ್ಕ ಮುಗಿಸಿಬಿಡುವವರಿದ್ದಾರೆ. ಆದರೆ ಕಂಟ್ರೋಲರ್ ಲೋಡ್ ನೋಡಿ ದಿನವಿಡೀ ಸ್ಟೆಪ್ ಏರಿಸಿ ಇಳಿಸುತ್ತಿರುತ್ತದೆ. ಮೂರು ಸ್ಟೆಪ್ ಇದ್ದಾಗ h 11.5. ಹೊರಗಿನ 11 ಕೆವಿ ಲೈನಿನ ಮಟ್ಟ 250 ಎಂವಿಎ ಎಂದು ಅದನ್ನೂ ಸೇರಿಸಿದರೆ 20,000 ಎಂಬುದು ಸುಮಾರು 18,500ಕ್ಕೆ ಇಳಿಯುತ್ತದೆ, h 11.1 ಆಗುತ್ತದೆ. ನೇರ ಹನ್ನೊಂದರ ಬಾಯಿಗೇ ಬಿದ್ದಂತೆ! ಅದಕ್ಕೇ ಪ್ರತಿ ಸ್ಟೆಪ್ಪಿಗೂ ಈ ಲೆಕ್ಕ ಮಾಡಲೇಬೇಕು.

ಕೆಪಾಸಿಟರ್ ಉಬ್ಬುವುದು, ಗುಂಯ್‌ಗುಡುವುದು, ಒಂದು ನಿರ್ದಿಷ್ಟ ಸ್ಟೆಪ್‌ನಲ್ಲೇ ಫ್ಯೂಸ್ ಹೋಗುವುದು ಇದರ ಗುರುತು. ಟ್ರೂ ಆರ್‌ಎಂಎಸ್ ಕ್ಲ್ಯಾಂಪ್ ಮೀಟರ್ ಹಿಡಿದು ನೋಡಬಹುದು: 415 ವೋಲ್ಟ್‌ನಲ್ಲಿ 50 ಕೆವಿಎಆರ್ ಸ್ಟೆಪ್ ಎಳೆಯಬೇಕಾದದ್ದು ಸುಮಾರು 70 ಆಂಪಿಯರ್. 90 ದಾಟಿದರೆ ಕೆಪಾಸಿಟರ್ ತಾಳಿಕೊಳ್ಳಬಲ್ಲ 1.3 ಪಟ್ಟಿನ ಮಿತಿ ಮುಗಿದಂತೆ.

ಪರಿಹಾರವಾಗಿ ಪ್ರತಿ ಸ್ಟೆಪ್ಪಿಗೂ ಸರಣಿಯಲ್ಲಿ 7% ರಿಯಾಕ್ಟರ್ ಹಾಕುತ್ತಾರೆ. ಆಗ ಸ್ಟೆಪ್‌ನ ಸ್ವಂತ ಲಯ 189 ಹರ್ಟ್ಸ್ ಆಗಿ, ಐದನೆಯ ಹಾರ್ಮೋನಿಕ್‌ನ 250ಕ್ಕಿಂತ ಕೆಳಗೇ ಉಳಿಯುತ್ತದೆ. ಎಷ್ಟು ಸ್ಟೆಪ್ ಆನ್ ಇದ್ದರೂ ರೆಸೊನೆನ್ಸ್ ಅದರ ಮೇಲೆ ಹೋಗದು. ಆದರೆ ರಿಯಾಕ್ಟರಿನಿಂದಾಗಿ ಕೆಪಾಸಿಟರ್ ಮೇಲಿನ ವೋಲ್ಟೇಜ್ 415ರಿಂದ ಸುಮಾರು 446ಕ್ಕೆ ಏರುವುದರಿಂದ, ಹಳೆಯ 440 ವೋಲ್ಟ್ ಕೆಪಾಸಿಟರಿಗೇ ರಿಯಾಕ್ಟರ್ ಜೋಡಿಸಬಾರದು. 525 ವೋಲ್ಟ್‌ನದು ಬೇಕು. ಕಂಪ್ಯೂಟರ್, ಎಲ್‌ಇಡಿಗಳಿಂದ ಮೂರನೇ ಹಾರ್ಮೋನಿಕ್ ಜೋರಾಗಿದ್ದರೆ 7% ಬದಲು 14% ರಿಯಾಕ್ಟರ್ ಆರಿಸುತ್ತಾರೆ. ಅದರ ಲಯ 134 ಹರ್ಟ್ಸ್, ಮೂರನೆಯದರ 150ಕ್ಕಿಂತಲೂ ಕೆಳಗೆ.