ಕಣ್ಣು ಎಳೆದ ಕಡೆಗೆ ಕತ್ತು

ಮನೆಯಲ್ಲಿ ಕೂತು ಫ್ರೀಲಾನ್ಸ್ ಕೆಲಸ ಮಾಡುವವರು ಬೆನ್ನುನೋವು ಶುರುವಾದ ಕೂಡಲೇ ಹುಡುಕುವುದು ಒಳ್ಳೆಯ ಕುರ್ಚಿಯನ್ನು. ಹತ್ತು ಹದಿನೈದು ಸಾವಿರ ಕೊಟ್ಟು ತಂದ ಕುರ್ಚಿಯಲ್ಲಿ ಮೊದಲ ವಾರ ನೆಟ್ಟಗೆ ಒರಗಿ ಕೂರುತ್ತಾರೆ. ಎರಡನೆಯ ವಾರ ನೋಡಿದರೆ ಬೆನ್ನು ಒರಗನ್ನು ಬಿಟ್ಟು ಮುಂದೆ ಬಂದಿರುತ್ತದೆ, ಗದ್ದ ಲ್ಯಾಪ್‌ಟಾಪಿನ ಕಡೆಗೆ ಚಾಚಿರುತ್ತದೆ. ಅವರಿಗೆ ಶಿಸ್ತಿಲ್ಲ ಎಂದೇನಲ್ಲ. ಅಕ್ಷರ ಸ್ಪಷ್ಟವಾಗಿ ಕಾಣದಿದ್ದರೆ ಕಣ್ಣು ಮುಂದಕ್ಕೆ ಹೋಗುತ್ತದೆ. ಕಣ್ಣು ಹೋದಲ್ಲಿಗೆ ತಲೆ, ತಲೆಯ ಹಿಂದೆ ಕತ್ತು, ಕತ್ತಿನ ಹಿಂದೆ ಬೆನ್ನು. ಹಾಗಾಗಿ ಬೆನ್ನಿನ ವಿಚಾರವನ್ನು ಕನ್ನಡಕದಿಂದ ಶುರುಮಾಡುವುದೇ ಸರಿ.

ಮೈಸೂರಿನಲ್ಲಿ ಮನೆಯಿಂದಲೇ ಅನುವಾದ, ಸಬ್‌ಟೈಟಲ್ ಕೆಲಸ ಮಾಡುವ ಐವತ್ತು ವರ್ಷದ ಮಹಿಳೆಯೊಬ್ಬರು ಇದ್ದಾರೆಂದು ಇಟ್ಟುಕೊಳ್ಳೋಣ. ಎತ್ತರ ಐದಡಿ ಒಂದಿಂಚು. ದೂರದ ದೃಷ್ಟಿ ಚೆನ್ನಾಗಿದೆ, ಓದಲು +2ರ ಚಾಳೀಸು ಕನ್ನಡಕ. ಕೆಲಸ ಊಟದ ಮೇಜಿನ ಮೇಲೆ, ದಿನಕ್ಕೆ ಎಂಟೊಂಬತ್ತು ಗಂಟೆ. ಸಂಜೆಯಾದರೆ ಕಣ್ಣುರಿ, ಹೆಕ್ಕತ್ತಿನಲ್ಲಿ ಬಿಗಿತ, ಸೊಂಟದಲ್ಲಿ ನೋವು.

+2ರ ಕನ್ನಡಕ ಮಾಡಿರುವುದು ಪುಸ್ತಕ, ಪತ್ರಿಕೆ ಹಿಡಿದು ಓದುವ ದೂರಕ್ಕೆ, ಎಂದರೆ ಸುಮಾರು 40 ಸೆಂಟಿಮೀಟರಿಗೆ. ನೂರನ್ನು ಎರಡರಿಂದ ಭಾಗಿಸಿದರೆ ಐವತ್ತು. ಆ ಗಾಜಿನಲ್ಲಿ 50 ಸೆಂಟಿಮೀಟರಿನಾಚೆ ಇರುವುದೆಲ್ಲ ಮಸುಕು. ಪರದೆ ಇರಬೇಕಾದದ್ದು ಒಂದು ತೋಳಳತೆಯಲ್ಲಿ, 60ರಿಂದ 65 ಸೆಂಟಿಮೀಟರ್ ದೂರದಲ್ಲಿ. ಅಲ್ಲಿಟ್ಟರೆ ಅಕ್ಷರ ಮಸುಕಾಗುತ್ತದೆ, ಮುಖ ತಾನಾಗಿಯೇ ಒಂದು ಗೇಣು ಮುಂದೆ ಬರುತ್ತದೆ. ನಾಲ್ಕೈದು ಕಿಲೋ ತೂಗುವ ತಲೆ ಹೀಗೆ ಭುಜದ ನೇರವನ್ನು ಬಿಟ್ಟು ಮುಂದೆ ನಿಂತರೆ, ಅದು ಬೀಳದಂತೆ ಹಿಡಿಯುವ ಕೆಲಸವೆಲ್ಲ ಕತ್ತಿನ ಹಿಂಬದಿಯ ಸ್ನಾಯುಗಳ ಪಾಲಿಗೆ. ಹೆಕ್ಕತ್ತಿನ ಬಿಗಿತದ ಮೂಲ ಅದು.

ಪ್ರೋಗ್ರೆಸಿವ್ ಗಾಜು ಹಾಕಿಕೊಂಡವರ ಪಾಡು ಬೇರೆ. ಹತ್ತಿರದ್ದನ್ನು ತೋರಿಸುವ ಭಾಗ ಗಾಜಿನ ಕೆಳತುದಿಯಲ್ಲಿರುವುದರಿಂದ, ಎದುರಿನ ಪರದೆಯನ್ನು ಆ ಭಾಗದಲ್ಲಿ ಹಿಡಿಯಲು ಅವರು ಗದ್ದವನ್ನು ಮೇಲೆತ್ತುತ್ತಾರೆ. ಕತ್ತು ಹಿಂದಕ್ಕೆ ಮಡಿಸಿಕೊಂಡೇ ದಿನ ಕಳೆಯುತ್ತದೆ. ನೋವು ತಲೆಬುರುಡೆಯ ಬುಡದಲ್ಲಿ ಹುಟ್ಟಿ ತಲೆನೋವಾಗಿ ಏರುತ್ತದೆ. ಕೆಲಸ ಮಾಡುತ್ತಿರುವಾಗ ಪಕ್ಕದಿಂದ ಯಾರಾದರೂ ಒಂದು ಫೋಟೋ ತೆಗೆದರೆ, ಗದ್ದ ಮುಂದೆ ಚಾಚಿದೆಯೋ ಮೇಲೆದ್ದಿದೆಯೋ ತಿಳಿದುಬಿಡುತ್ತದೆ.

ಎರಡಕ್ಕೂ ಪರಿಹಾರ ಪರದೆಗೆಂದೇ ಮಾಡಿಸಿದ ಬೇರೊಂದು ಕನ್ನಡಕ. ಕಣ್ಣು ಪರೀಕ್ಷೆಗೆ ಹೋಗುವ ಮೊದಲು ಆರಾಮಾಗಿ ಒರಗಿ ಕೂತು, ಕಣ್ಣಿನಿಂದ ಪರದೆಗೆ ಎಷ್ಟು ದೂರವೆಂದು ಟೇಪಿನಲ್ಲಿ ಅಳೆದುಕೊಂಡು ಹೋಗಬೇಕು. ನಮ್ಮ ಉದಾಹರಣೆಯ ಮಹಿಳೆಗೆ 65 ಸೆಂಟಿಮೀಟರಿಗೆ +1.25 ಅಥವಾ +1.5 ಬಂದೀತು, ಖಚಿತ ಸಂಖ್ಯೆಯನ್ನು ಪರೀಕ್ಷೆಯೇ ಹೇಳಬೇಕು. ಆ ಅಳತೆಯನ್ನು ಹೇಳದೆ ಹೋದರೆ ಮತ್ತೆ ಓದುವ ಕನ್ನಡಕವೇ ಕೈಗೆ ಬರುತ್ತದೆ. ಜೊತೆಗೆ ಅಕ್ಷರದ ಗಾತ್ರವನ್ನು 125 ಅಥವಾ 150 ಪ್ರತಿಶತಕ್ಕೆ ಏರಿಸಿದರೆ ಮುಂದೆ ಬಾಗುವ ನೆಪವೇ ಉಳಿಯುವುದಿಲ್ಲ. ಅಂಗಡಿಯವರು ನೀಲಿ ಬೆಳಕು ತಡೆಯುವ ಲೇಪನಕ್ಕೆ ಹೆಚ್ಚು ಹಣ ಕೇಳುತ್ತಾರೆ. 2023ರಲ್ಲಿ ಕಾಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಅದು ಕಣ್ಣಿನ ದಣಿವನ್ನು ತಗ್ಗಿಸುತ್ತದೆ ಎನ್ನಲು ಆಧಾರ ಸಿಗಲಿಲ್ಲ. ಆ ಹಣವನ್ನು ಬೇರೆ ಕೀಬೋರ್ಡಿಗೆ ಹಾಕುವುದು ವಾಸಿ.

ಕೀಬೋರ್ಡ್ ಯಾಕೆಂದರೆ, ಲ್ಯಾಪ್‌ಟಾಪಿನ ಐಬು ಅದರ ಹುಟ್ಟಿನಲ್ಲೇ ಇದೆ: ಪರದೆಗೂ ಕೀಲಿಗಳಿಗೂ ಅಂಟು. ಕೈಗೆ ಸರಿಯಾಗಿ ಇಟ್ಟರೆ ಕತ್ತು ಬಗ್ಗುತ್ತದೆ, ಕಣ್ಣಿಗೆ ಸರಿಯಾಗಿ ಎತ್ತಿದರೆ ಭುಜ ಏರುತ್ತದೆ. ತಂತಿಯ ಕೀಬೋರ್ಡ್, ಮೌಸ್ ಎರಡೂ ಸೇರಿ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತವೆ. ಆಮೇಲೆ ಲ್ಯಾಪ್‌ಟಾಪನ್ನು ದಪ್ಪ ಪುಸ್ತಕಗಳ ಮೇಲೆ ಸುಮಾರು 15 ಸೆಂಟಿಮೀಟರ್ ಎತ್ತಿಡಬಹುದು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಕೊಂಚ ಕೆಳಗಿರಲಿ. ನೋಟ ತುಸು ಕೆಳಗಿದ್ದರೆ ರೆಪ್ಪೆ ಕಣ್ಣನ್ನು ಹೆಚ್ಚು ಮುಚ್ಚಿರುತ್ತದೆ, ಕಣ್ಣು ಬೇಗ ಒಣಗುವುದಿಲ್ಲ. ಪ್ರೋಗ್ರೆಸಿವ್ ಗಾಜಿನಲ್ಲೇ ಕೆಲಸ ಮಾಡುವವರು ಇನ್ನೂ ಕೆಳಗಿಡಬೇಕು.

ಇನ್ನು ಸೊಂಟ. ಊಟದ ಮೇಜಿನ ಎತ್ತರ ಸಾಮಾನ್ಯವಾಗಿ 75 ಸೆಂಟಿಮೀಟರ್, ಕುರ್ಚಿಯದು 45. ಐದಡಿ ಒಂದಿಂಚಿನ ಹೆಂಗಸಿನ ಮೊಣಕೈ ಕೂತಾಗ ಆಸನದಿಂದ ಸುಮಾರು 22 ಸೆಂಟಿಮೀಟರ್ ಮೇಲಿರುತ್ತದೆ, ನೆಲದಿಂದ 67. ಮೇಜು ಅದಕ್ಕಿಂತ ನಾಲ್ಕು ಬೆರಳಿನಷ್ಟು ಎತ್ತರ, ಹಾಗಾಗಿ ಟೈಪ್ ಮಾಡುವಷ್ಟು ಹೊತ್ತೂ ಭುಜ ಕಿವಿಯ ಕಡೆಗೆ ಎತ್ತಿಯೇ ಇರುತ್ತದೆ. ಕೆಳಗೆ ಇನ್ನೊಂದು ತೊಂದರೆ. ಅವರ ಮೊಣಕಾಲಿನಿಂದ ಪಾದಕ್ಕಿರುವುದು 39 ಸೆಂಟಿಮೀಟರ್ ಅಷ್ಟೇ. 45ರ ಕುರ್ಚಿಯಲ್ಲಿ ಪೂರ್ತಿ ಹಿಂದೆ ಕೂತರೆ ಕಾಲು ತೂಗಾಡುತ್ತದೆ. ನೆಲ ಸಿಗಲೆಂದು ಅವರು ಆಸನದ ಅಂಚಿಗೆ ಜಾರುತ್ತಾರೆ. ಒರಗು ಹಿಂದೆ ಉಳಿಯುತ್ತದೆ, ಸೊಂಟದ ಸಹಜ ಒಳಬಾಗು ಹೊರಕ್ಕೆ ತಿರುಗಿ ಬೆನ್ನು ಬಿಲ್ಲಾಗುತ್ತದೆ. ‘ನೆಟ್ಟಗೆ ಕೂರಮ್ಮ’ ಎಂದು ಎಷ್ಟು ಸಲ ಹೇಳಿದರೇನು?

ಮೇಜನ್ನು ಕುಯ್ಯಲಾಗದು, ಆಸನವನ್ನು ಏರಿಸಬಹುದು. ಎಂಟು ಸೆಂಟಿಮೀಟರ್ ಬೇಕು. ಮೆತ್ತನೆ ಸ್ಪಂಜು ಅರ್ಧ ಗಂಟೆಯಲ್ಲಿ ಕುಸಿಯುತ್ತದೆ. ಬಿಗಿಯಾಗಿ ಮಡಿಸಿದ ಜಮಖಾನೆ ಮೇಲು. ಈಗ ಆಸನ 53ಕ್ಕೆ ಬಂತು, ಕಾಲು ಇನ್ನಷ್ಟು ತೂಗುತ್ತದೆ, ಆದ್ದರಿಂದ ಪಾದದಡಿಗೆ 14 ಸೆಂಟಿಮೀಟರಿನ ಆಸರೆ ಬೇಕೇಬೇಕು. ಒಂದರ ಮೇಲೊಂದಿಟ್ಟ ಮಣೆಗಳಾದರೂ ಸರಿ, ಗಟ್ಟಿಯಾದ ಪೆಟ್ಟಿಗೆಯಾದರೂ ಸರಿ. ಸೊಂಟದ ಹಿಂದೆ ಸುರುಳಿ ಸುತ್ತಿದ ಟವೆಲ್ ಇಟ್ಟು, ತುಸು ಹಿಂದಕ್ಕೇ ಒರಗಿ ಕೂರಬಹುದು. ಲಂಬಕೋನದಲ್ಲಿ ಸೆಟೆದು ಕೂರುವುದಕ್ಕಿಂತ ಇದು ಬೆನ್ನಿಗೆ ಹಗುರ.

ಇಷ್ಟೆಲ್ಲ ಮಾಡಿದರೂ ಮೂರು ಗಂಟೆ ಅಲ್ಲಾಡದೆ ಕೂತರೆ ನೋವು ಬರುತ್ತದೆ. ಬಿಗಿದೇ ಇರುವ ಸ್ನಾಯುವಿನಲ್ಲಿ ರಕ್ತ ಸರಿಯಾಗಿ ಹರಿಯುವುದಿಲ್ಲ. ಕಚೇರಿಯಲ್ಲಿ ಕಾಫಿಗೆ ಕರೆಯುವವರಿರುತ್ತಾರೆ. ಪದಕ್ಕಿಷ್ಟು ಎಂದು ದುಡಿಯುವವರನ್ನು ಎಬ್ಬಿಸುವವರಿಲ್ಲ, ಅಲಾರಂ ಇಟ್ಟರೆ ಅದನ್ನು ಆರಿಸಿ ಮತ್ತೆ ಕೂರುತ್ತಾರೆ. ಕೆಲಸದಲ್ಲೇ ಎದ್ದೇಳುವ ಕಾರಣವನ್ನು ಸೇರಿಸಿಕೊಳ್ಳುವುದು ಹೆಚ್ಚು ನಡೆಯುತ್ತದೆ: ಫೋನಿನಲ್ಲಿ ಮಾತಾಡುವುದೆಲ್ಲ ನಿಂತೇ, ನೀರಿಗೆ ದೊಡ್ಡ ಬಾಟಲಿಯ ಬದಲು ಸಣ್ಣ ಲೋಟ.

ಕಣ್ಣುರಿಗೂ ಹೀಗೊಂದು ಸರಳ ಕಾರಣವಿದೆ. ಮಾತಾಡುತ್ತಿರುವಾಗ ನಿಮಿಷಕ್ಕೆ ಹದಿನೈದು ಸಲವಾದರೂ ಬಡಿಯುವ ರೆಪ್ಪೆ, ಪರದೆಯ ಮುಂದೆ ಐದಾರಕ್ಕೆ ಇಳಿಯುತ್ತದೆ, ಅದರಲ್ಲೂ ಅರ್ಧಂಬರ್ಧ ಮುಚ್ಚುತ್ತದೆ. ಕಣ್ಣೀರಿನ ಪದರ ಆರುತ್ತದೆ, ಕೆಲವರಿಗೆ ಆ ಕಿರಿಕಿರಿಗೇ ಕಣ್ಣಲ್ಲಿ ನೀರು ಸುರಿಯುತ್ತದೆ. ಮುಖಕ್ಕೆ ನೇರ ಬೀಸುವ ಫ್ಯಾನನ್ನು ತಿರುಗಿಸಿ, ಇಪ್ಪತ್ತು ನಿಮಿಷಕ್ಕೊಮ್ಮೆ ಕಿಟಕಿಯಾಚೆ ಇಪ್ಪತ್ತಡಿ ದೂರದ ಏನನ್ನಾದರೂ ಇಪ್ಪತ್ತು ಸೆಕೆಂಡ್ ನೋಡುತ್ತ, ಆಗ ರೆಪ್ಪೆಯನ್ನು ಪೂರ್ತಿ ಮುಚ್ಚಿ ತೆರೆದರೆ ಬಹುಪಾಲು ಉರಿ ತಗ್ಗುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ‘ಕಣ್ಣು ಕೆಂಪಗಾಗಿದೆ’ ಎಂದು ಕೇಳಿ ಡ್ರಾಪ್ಸ್ ತರುವುದು ಮಾತ್ರ ಅಪಾಯ; ಸ್ಟೀರಾಯ್ಡ್ ಇರುವ ಹನಿಗಳನ್ನು ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನೊತ್ತಡ ಏರಿ ಗ್ಲುಕೋಮಾ ಬರಬಹುದು.

ಕುರ್ಚಿ, ಕನ್ನಡಕ ಸರಿಪಡಿಸಿ ಮೂರು ನಾಲ್ಕು ವಾರವಾದರೂ ನೋವು ಇಳಿಯದಿದ್ದರೆ ಮೂಳೆ ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕಾಣಬೇಕು. ನೋವು ಪೃಷ್ಠದಿಂದ ಮೊಣಕಾಲಿನ ಕೆಳಗೂ ಸೆಳೆದರೆ, ಕಾಲು ಅಥವಾ ಕೈ ಜೋಮು ಹಿಡಿದು ಬಲ ಕುಂದಿದರೆ ಅಷ್ಟು ದಿನ ಕಾಯುವಂತಿಲ್ಲ. ತೊಡೆಸಂದಿನ ಭಾಗ ಮರಗಟ್ಟಿ ಮೂತ್ರದ ಹಿಡಿತ ತಪ್ಪಿದರೆ, ಇಲ್ಲವೇ ಕಣ್ಣಿನಲ್ಲಿ ಮಿಂಚು ಹೊಡೆದಂತಾಗಿ ಪರದೆ ಇಳಿದ ಹಾಗೆ ಒಂದು ಬದಿ ಕತ್ತಲಾದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಆಗ ಕುರ್ಚಿಯ ಲೆಕ್ಕ ಕೆಲಸಕ್ಕೆ ಬಾರದು.