ಮನೆ ಬಿಡುವವರ ಚೀಟಿ: ಮೊದಲ ಸಾಲು ನೀರಿನದೇ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡುವವರು ಮುಂದಿನವರಿಗೆ ಬಿಟ್ಟುಹೋಗುವ ಆಸ್ತಿ ಎಂದರೆ ಗೋಡೆಯಲ್ಲಿ ನಾಲ್ಕು ಮೊಳೆ, ಸಜ್ಜೆಯ ಮೇಲೊಂದು ಒಡೆದ ಬಕೆಟ್ಟು, ತಪ್ಪಿದರೆ ಬಚ್ಚಲಲ್ಲಿ ಅರ್ಧ ಸೋಪು. ಎರಡು ಮೂರು ವರ್ಷ ಅದೇ ಮನೆಯಲ್ಲಿದ್ದು ಕಲಿತದ್ದೆಲ್ಲ ಅವರ ಜೊತೆಯಲ್ಲೇ ಲಾರಿ ಹತ್ತಿಬಿಡುತ್ತದೆ. ಈಚೆಗೆ ಕೆಲವರು ಮುಂದಿನ ಬಾಡಿಗೆದಾರರಿಗೆಂದು ಒಂದು ಹಾಳೆ ಬರೆದಿಟ್ಟು ಹೋಗುತ್ತಾರೆ. ಒಳ್ಳೆಯ ಅಭ್ಯಾಸ. ಆದರೆ ಅಂಥ ಹಾಳೆಗಳಲ್ಲಿ ಬಹುಪಾಲು 'ಮನೆ ಚೆನ್ನಾಗಿದೆ, ಅಕ್ಕಪಕ್ಕದವರು ಒಳ್ಳೆಯವರು, ನೀರಿಗೆ ತೊಂದರೆ ಇಲ್ಲ' ಎಂಬಲ್ಲಿಗೆ ಮುಗಿಯುತ್ತವೆ. ಇಷ್ಟನ್ನು ಓನರೇ ಹೇಳಿರುತ್ತಾರೆ.

ಕರಾರು ಪತ್ರದಲ್ಲೂ ಇದಕ್ಕಿಂತ ಹೆಚ್ಚೇನೂ ಇರುವುದಿಲ್ಲ. ಹನ್ನೊಂದು ತಿಂಗಳ ಆ ಪತ್ರದಲ್ಲಿ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಮನೆ ಬಿಡುವಾಗ ಪೇಂಟಿಂಗ್‌ಗೆಂದು ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದೆಲ್ಲ ಇರುತ್ತದೆ. ನೀರು ಯಾವ ದಿನ ಬರುತ್ತದೆ, ಮೋಟಾರ್ ಹಾಕುವವರು ಯಾರು ಎಂಬುದು ಇರುವುದಿಲ್ಲ. 'ಇಪ್ಪತ್ನಾಲ್ಕು ಗಂಟೆ ನೀರು' ಎಂದು ಓನರ್ ಹೇಳಿದರೆ ಅದು ಸುಳ್ಳೂ ಅಲ್ಲ. ತಾರಸಿಯ ಟ್ಯಾಂಕಿನಲ್ಲಿ ನೀರಿದ್ದಷ್ಟು ಹೊತ್ತು ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಆ ಟ್ಯಾಂಕಿಗೆ ನೀರು ಎಲ್ಲಿಂದ, ಯಾವಾಗ ಬರುತ್ತದೆ ಎಂಬುದನ್ನು ಹೇಳುವ ಕೆಲಸ ಚೀಟಿಯದು.

ಒಂದು ಉದಾಹರಣೆ ನೋಡೋಣ. ವಿಜಯನಗರದಂಥ ಹಳೆಯ ಬಡಾವಣೆಯಲ್ಲಿ ಒಂದು ಕಟ್ಟಡ. ಕೆಳಗೆ ಓನರ್, ಮೇಲೆ ಮೂರು ಬಾಡಿಗೆ ಮನೆ. ಮನೆಗೆ ನಾಲ್ವರಂತೆ ಹದಿನಾರು ಜನ. ಅಂಗಳದ ಅಡಿಯಲ್ಲಿ 6,000 ಲೀಟರಿನ ಸಂಪು, ತಾರಸಿಯಲ್ಲಿ 2,000 ಲೀಟರಿನ ಟ್ಯಾಂಕು, ಎಲ್ಲರಿಗೂ ಸೇರಿ ಒಂದೇ ಕಾವೇರಿ ಸಂಪರ್ಕ. ನೀರು ದಿನ ಬಿಟ್ಟು ದಿನ, ಬೆಳಗಿನ ಜಾವ ನಾಲ್ಕು ಗಂಟೆ ಹೊತ್ತು ಬರುತ್ತದೆ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಬೇಕು ಎಂಬುದು ನಮ್ಮ ದೇಶದಲ್ಲಿ ಎಂಜಿನಿಯರುಗಳು ಹಿಡಿಯುವ ಲೆಕ್ಕ. ಅದರಂತೆ ಈ ಕಟ್ಟಡಕ್ಕೆ ದಿನಕ್ಕೆ 2,160 ಲೀಟರ್, ಎರಡು ದಿನಕ್ಕೆ 4,320 ಲೀಟರ್ ಬೇಕು. ಸಂಪು ಆರು ಸಾವಿರದ್ದು. ಹಾಗಿದ್ದರೆ ಚಿಂತೆ ಯಾಕೆ?

ಚಿಂತೆ ಇರುವುದು ಪೈಪಿನಲ್ಲಿ. ನೀರು ಬರುವ ಹೊತ್ತಿಗೆ ಸಂಪಿನ ಮುಚ್ಚಳ ತೆಗೆದು, ಒಳಗೆ ಬೀಳುವ ಧಾರೆಗೆ 20 ಲೀಟರಿನ ಬಕೆಟ್ ಹಿಡಿದು, ಮೊಬೈಲಿನಲ್ಲಿ ಸಮಯ ನೋಡಬೇಕು. ಬಕೆಟ್ ತುಂಬಲು ಒಂದು ನಿಮಿಷ ಇಪ್ಪತ್ತು ಸೆಕೆಂಡ್ ಹಿಡಿದರೆ ನಿಮಿಷಕ್ಕೆ 15 ಲೀಟರ್ ಎಂದಾಯಿತು. ನಾಲ್ಕು ಗಂಟೆಗೆ 3,600 ಲೀಟರ್. ಬೇಕಾದದ್ದು 4,320. ಅಂದರೆ ಪ್ರತಿ ಸರದಿಗೂ 720 ಲೀಟರ್ ಕೊರತೆ. ಒಂದೆರಡು ಸರದಿಯಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, ಸಂಪಿನಲ್ಲಿರುವ ಹಳೆಯ ನೀರು ಸರಿದೂಗಿಸುತ್ತದೆ. ಎಂಟು ಸರದಿ ಕಳೆಯುವ ಹೊತ್ತಿಗೆ ಕೊರತೆ ಐದೂಮುಕ್ಕಾಲು ಸಾವಿರ ಲೀಟರ್ ದಾಟುತ್ತದೆ. ಸಂಪು ತಳ ಕಾಣುತ್ತದೆ, ಓನರ್ ಟ್ಯಾಂಕರಿಗೆ ಫೋನ್ ಮಾಡುತ್ತಾರೆ. ತಿಂಗಳಿಗೆ ಎರಡು ಟ್ಯಾಂಕರ್ ಯಾಕೆ, ಅದರಲ್ಲಿ ನನ್ನ ಪಾಲು ಯಾಕೆ ಎಂದು ಹೊಸ ಬಾಡಿಗೆದಾರರು ಜಗಳಕ್ಕೆ ನಿಲ್ಲುವುದು ಇಲ್ಲೇ. ಹಿಂದಿನವರು ಈ ಬಕೆಟ್ ಲೆಕ್ಕವನ್ನು ಎರಡು ಸಾಲಿನಲ್ಲಿ ಬರೆದಿಟ್ಟಿದ್ದರೆ ಜಗಳವೇ ಇರುತ್ತಿರಲಿಲ್ಲ.

ಇನ್ನು ಸರದಿ ತಪ್ಪಿದರೆ? ಬೆಂಗಳೂರಿಗೆ ಕಾವೇರಿ ತಾನಾಗಿ ಹರಿದು ಬರುವುದಿಲ್ಲ. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪ್ ಆಗಿ, ಹೆಚ್ಚುಕಡಿಮೆ 500 ಮೀಟರ್ ಎತ್ತರಕ್ಕೆ ಏರಿ ಬರುವ ನೀರು ಅದು. ದಾರಿಯಲ್ಲಿ ಎಲ್ಲೋ ಕರೆಂಟ್ ಹೋದರೆ, ಪೈಪಿನ ದುರಸ್ತಿಗೆ ನಿಂತರೆ, ಇಲ್ಲಿ ಬೀದಿಬೀದಿಗಳ ಸರದಿ ಜಾರುತ್ತದೆ. ಮತ್ತೆ ಬಿಟ್ಟಾಗ ಮೊದಲು ತುಂಬುವುದು ಪೈಪಿನ ಮೊದಲ ಬೀದಿಗಳು. ಕೊನೆಯ ಬೀದಿಯವರು ಅರ್ಧ ದಿನವೋ ಒಂದು ದಿನವೋ ಕಾಯುತ್ತಾರೆ. ಆದ್ದರಿಂದ 'ನಮ್ಮದು ಲೈನಿನ ಕೊನೆ' ಎಂಬ ಮೂರು ಪದ ಚೀಟಿಯಲ್ಲಿ ಇರಲೇಬೇಕು. ಅದು ತಿಳಿದವರು ಪತ್ರಿಕೆಯಲ್ಲಿ 'ನಾಳೆ ಕಾವೇರಿ ನೀರು ವ್ಯತ್ಯಯ' ಎಂಬ ಸಾಲು ಕಂಡ ಕೂಡಲೇ ಲೆಕ್ಕ ಹಾಕುತ್ತಾರೆ. ಸಂಪು, ಟ್ಯಾಂಕು ಎರಡೂ ತುಂಬಿದ್ದರೆ 8,000 ಲೀಟರ್, ಅಂದರೆ ಮೂರೂಮುಕ್ಕಾಲು ದಿನಕ್ಕೂ ಸ್ವಲ್ಪ ಕಡಿಮೆ. ಒಂದು ಸರದಿ ತಪ್ಪಿದರೆ ನಾಲ್ಕನೆಯ ದಿನ ಸಂಜೆ ಪಾತ್ರೆ ತೊಳೆಯುವಾಗ ನಲ್ಲಿ ಬರಿದು. ಟ್ಯಾಂಕರಿಗೆ ಮೂರನೆಯ ದಿನ ಬೆಳಿಗ್ಗೆಯೇ ಹೇಳಿರಬೇಕು.

ಟ್ಯಾಂಕರಿನ ವಿಷಯದಲ್ಲಿ ಇನ್ನೊಂದು ಮಾತು. ಸಂಪು ತೀರಾ ಒಣಗದಿದ್ದರೆ ಕಾವೇರಿ ಬರುವ ಹಿಂದಿನ ದಿನ ತರಿಸಬಾರದು. ದುಡ್ಡು ಕೊಟ್ಟ ನೀರು ಸಂಪು ತುಂಬಿಕೊಂಡು ಕೂತಿದ್ದರೆ ಮಾರನೆಯ ದಿನ ಅಗ್ಗದ ನೀರಿಗೆ ಜಾಗವೇ ಇರುವುದಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿನವರು ಕೇಳಿದಷ್ಟು ಕೊಡಬೇಕಾಗಿ ಬಂದಾಗ ಬೆಂಗಳೂರು ನಗರ ಜಿಲ್ಲಾಡಳಿತ ಮಧ್ಯೆ ಬಂದು ದರ ಗೊತ್ತುಮಾಡಿತು. ಐದು ಕಿಲೋಮೀಟರ್ ಒಳಗಿನ ದೂರಕ್ಕೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ, ಜಿಎಸ್‌ಟಿ ಬೇರೆ. ಆ ಆದೇಶ ಕೆಲವೇ ತಿಂಗಳ ಮಟ್ಟಿಗಿತ್ತು. ಹಾಗಾಗಿ ಚೀಟಿಯಲ್ಲಿ ಟ್ಯಾಂಕರಿನವರ ನಂಬರಿನ ಪಕ್ಕದಲ್ಲಿ ಕೊನೆಯ ಸಲ ಎಷ್ಟು ಕೊಟ್ಟಿರಿ, ಯಾವ ತಿಂಗಳು ಎಂದು ಬರೆದರೆ ಹೊಸಬರಿಗೆ ಚೌಕಾಸಿಗೆ ಒಂದು ಆಧಾರವಾಗುತ್ತದೆ.

ಮೋಟಾರಿನದು ಬೇರೆಯೇ ಕತೆ. ಒಳ್ಳೆಯ ಚೀಟಿಯಲ್ಲಿ ಅದು ಹೀಗಿರುತ್ತದೆ: 'ಮೋಟಾರ್ ಸ್ವಿಚ್ಚು ಮೆಟ್ಟಿಲ ಕೆಳಗೆ. ಟ್ಯಾಂಕ್ ತುಂಬಲು ಸುಮಾರು 40 ನಿಮಿಷ. ತುಂಬಿದರೆ ಹಿಂಭಾಗದ ಪೈಪಿನಿಂದ ನೀರು ಸುರಿಯುತ್ತದೆ, ಆ ಸದ್ದು ನಮ್ಮ ಅಡುಗೆಮನೆಗೇ ಮೊದಲು ಕೇಳುವುದರಿಂದ ಆಫ್ ಮಾಡುವವರು ನಾವೇ. ಒಂದು ಗಂಟೆಯಾದರೂ ತುಂಬದಿದ್ದರೆ ನಿಲ್ಲಿಸಿ.' ಕೊನೆಯ ವಾಕ್ಯ ಮುಖ್ಯ. ಸಂಪಿನಲ್ಲಿ ನೀರಿದ್ದೂ ಮೇಲೆ ಏರದಿದ್ದರೆ ಮೋಟಾರು ಗಾಳಿ ಎಳೆಯುತ್ತಿದೆ ಎಂದು ಅರ್ಥ. ಮೇಲೆ ಹೋಗುವ ಪೈಪು ಮುಟ್ಟಿದರೆ ತಣ್ಣಗಿರುವುದಿಲ್ಲ, ನೀರಿನ ಅದುರು ಕೈಗೆ ಸಿಗುವುದಿಲ್ಲ, ಮೋಟಾರಿನ ಸದ್ದೂ ತೆಳುವಾಗಿರುತ್ತದೆ. ಸಂಪಿನೊಳಗಿನ ಫುಟ್ ವಾಲ್ವ್ ಸೋರಿ ಪೈಪಿನ ನೀರು ಕೆಳಗಿಳಿದಿದ್ದರೆ ಹೀಗಾಗುತ್ತದೆ. ಸ್ವಿಚ್ ಆಫ್ ಮಾಡಿ, ಮೋಟಾರಿನ ಮೇಲಿನ ಬಿರಡೆ ಬಿಚ್ಚಿ, ಒಂದೆರಡು ಚೊಂಬು ನೀರು ಹೊಯ್ದು ಮತ್ತೆ ಹಾಕಿದರೆ ಸಾಮಾನ್ಯವಾಗಿ ಎತ್ತುತ್ತದೆ. ವಾರಕ್ಕೆರಡು ಸಲ ಹೀಗಾದರೆ ಫುಟ್ ವಾಲ್ವ್ ಬದಲಾಯಿಸಲೇಬೇಕು, ಅದು ಓನರ್ ಖರ್ಚು.

ಮನೆಯೊಳಗಿನ ವಿವರಗಳಲ್ಲೂ ನೀರಿನದೇ ಕೈವಾಡ. ಬಚ್ಚಲಿಗೆ ಬೋರ್ ನೀರು, ಅಡುಗೆಮನೆಯ ಒಂದು ನಲ್ಲಿಗೆ ಮಾತ್ರ ಕಾವೇರಿ ಎಂಬ ಏರ್ಪಾಡು ಎಷ್ಟೋ ಕಟ್ಟಡಗಳಲ್ಲಿದೆ. ಯಾವುದು ಯಾವುದೆಂದು ಹೇಳದೆ ಹೋದರೆ ಹೊಸಬರ ಬೇಳೆ ಬೇಯುವುದಿಲ್ಲ. ಇದು ಗಾದೆಯ ಮಾತಲ್ಲ, ಗಡಸು ನೀರಿನಲ್ಲಿ ತೊಗರಿಬೇಳೆ ನಿಜಕ್ಕೂ ಬೇಗ ಬೇಯುವುದಿಲ್ಲ. ಅದೇ ನೀರು ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ. ನೀರು ಕಾಯಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿದ್ದರೆ, ಒಳಗೆ ಚಿಟಿಚಿಟಿ ಸದ್ದು ಬರುತ್ತಿದ್ದರೆ ಸರ್ವಿಸ್ ಮಾಡಿಸುವ ಹೊತ್ತು. ಕೊನೆಯ ಸರ್ವಿಸ್ ಯಾವ ತಿಂಗಳು ಎಂಬುದನ್ನು ಬರೆಯಲು ಅರ್ಧ ನಿಮಿಷ ಸಾಕು.

ಕರೆಂಟಿನ ಬಗ್ಗೆ ಒಂದೇ ವಿಷಯ, ಆದರೆ ಚೀಟಿಯಲ್ಲಿ ಬರೆದರಷ್ಟೇ ಸಾಲದು, ಮಾಡಿಯೂ ಹೋಗಬೇಕಾದದ್ದು. ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್‌ವರೆಗಿನ ರಿಯಾಯಿತಿ ಬಾಡಿಗೆದಾರರಿಗೂ ಇದೆ. ಅದು ಮೀಟರಿನ ಖಾತೆಗೆ ಬಾಡಿಗೆದಾರರ ಆಧಾರ್ ಜೋಡಿಸಿ ಸಿಗುವಂಥದ್ದು. ಬಿಡುವವರು ಸೇವಾಸಿಂಧುವಿನಲ್ಲಿ ತಮ್ಮ ಆಧಾರ್ ಬಿಡಿಸಿಕೊಂಡು ಹೋಗದಿದ್ದರೆ ಬರುವವರ ಅರ್ಜಿ ಅಲ್ಲೇ ನಿಲ್ಲುತ್ತದೆ, ಬಿಟ್ಟವರಿಗೂ ಹೊಸ ಮನೆಯಲ್ಲಿ ಅದೇ ಪಾಡು. ಚೀಟಿಯಲ್ಲಿ ಆರ್‌.ಆರ್‌. ನಂಬರು, ಬೀಗ ಕೊಟ್ಟ ದಿನದ ಮೀಟರ್ ರೀಡಿಂಗು, 'ಗೃಹಜ್ಯೋತಿ ಬಿಡಿಸಿದ್ದೇನೆ' ಎಂಬ ಸಾಲು ಇರಲಿ.

ನೆರೆಹೊರೆಯ ಬಗ್ಗೆ ಬರೆಯುವಾಗ ಕೈ ಹಿಡಿತದಲ್ಲಿರಬೇಕು. ಹಾಳೆ ನಾಳೆ ಓನರ್ ಕೈಗೂ ಸಿಗಬಹುದು, ಎದುರುಮನೆಯವರ ಕೈಗೂ. 'ಎದುರುಮನೆಯವರು ಜಗಳಗಂಟರು' ಎಂದು ಬರೆದರೆ ಹೊಸಬರು ಮೊದಲ ದಿನವೇ ಮುಖ ಬಿಗಿದುಕೊಂಡು ನಡೆಯುತ್ತಾರೆ. ಅದರ ಬದಲು 'ಎದುರುಮನೆಯ ಅಂಕಲ್ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮಲಗುತ್ತಾರೆ, ಗೋಡೆಗೆ ಡ್ರಿಲ್ ಮಾಡಿಸುವುದಿದ್ದರೆ ಮೂರು ಗಂಟೆಯ ಮೇಲೆ' ಎಂದರೆ ಜಗಳದ ಕಾರಣವೂ ತಿಳಿಯಿತು, ಪರಿಹಾರವೂ ಸಿಕ್ಕಿತು. ಕೆಳಗಿನ ಅಜ್ಜಿ ಕೊರಿಯರ್ ತೆಗೆದಿಡುತ್ತಾರೆಯೇ, ಗೇಟಿನ ಬೀಗ ರಾತ್ರಿ ಎಷ್ಟಕ್ಕೆ, ಸ್ಕೂಟರ್ ಯಾವ ಮೂಲೆಗೆ, ಕಸದ ಆಟೊ ಎಷ್ಟು ಹೊತ್ತಿಗೆ, ಹಸಿಕಸ ಒಣಕಸ ಬೇರೆ ಮಾಡದಿದ್ದರೆ ಅದು ಬಿಟ್ಟುಹೋಗುತ್ತದೆಯೇ ಎಂಬಿಷ್ಟು ಸಾಕು. ಯಾರ ಮನೆಯ ಸಂಸಾರದ ಸುದ್ದಿಯೂ ಬೇಡ.

ಅಂಗಡಿಗಳನ್ನು ಮೊಬೈಲಿನ ನಕ್ಷೆಯೇ ತೋರಿಸುತ್ತದೆ, ಹೆಸರುಗಳ ಪಟ್ಟಿ ದಂಡ. ನಕ್ಷೆಗೆ ತಿಳಿಯದ್ದು ಬೇರೆ: ನಂದಿನಿ ಬೂತಿನಲ್ಲಿ ಅರ್ಧ ಲೀಟರಿನ ಪ್ಯಾಕೆಟ್ಟು ಏಳು ಗಂಟೆಗೇ ಮುಗಿಯುತ್ತದೆ, ಹಿಟ್ಟಿನ ಗಿರಣಿಯಲ್ಲಿ ರಾಗಿ ಬೀಸುವುದು ಸಂಜೆ ಮಾತ್ರ, ಮೂಲೆಯ ಮೆಡಿಕಲ್ಸ್‌ನವರು ಶಟರ್ ಎಳೆದ ಮೇಲೂ ತಟ್ಟಿದರೆ ಔಷಧಿ ಕೊಡುತ್ತಾರೆ, ಗ್ಯಾಸ್ ಸ್ಟೌ ರಿಪೇರಿಯವರು ಭಾನುವಾರ ಬೀದಿಗೇ ಬರುತ್ತಾರೆ. ಇಂಥ ನಾಲ್ಕು ಸಾಲು ಸಾಕು.

ಬರೆದ ಹಾಳೆಯನ್ನು ವಾಟ್ಸಾಪ್‌ನಲ್ಲಿ ಕಳಿಸಿ ಸುಮ್ಮನಾಗಬೇಡಿ, ಅಡುಗೆಮನೆಯ ಕಪಾಟಿನ ಬಾಗಿಲ ಒಳಗೆ ಅಂಟಿಸಿ. ತಲೆಯಲ್ಲಿ ದಿನಾಂಕ ಇರಲಿ, ಯಾಕೆಂದರೆ ನೀರಿನ ಸರದಿ ಯಾರನ್ನೂ ಕೇಳದೆ ಬದಲಾಗುತ್ತದೆ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿ, ನಗರದ ಹೊರವಲಯದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ ಶುರುವಾದ ಮೇಲೆ, ಆ ಭಾಗಗಳಲ್ಲಿ 'ಇಲ್ಲಿ ಟ್ಯಾಂಕರ್ ಮಾತ್ರ' ಎಂದು ಬರೆದಿದ್ದ ಚೀಟಿಗಳನ್ನು ಮತ್ತೆ ನೋಡಬೇಕಾಯಿತು. ಹೊಸದಾಗಿ ಬಂದವರೂ ಚೀಟಿಯನ್ನು ಕಣ್ಣುಮುಚ್ಚಿ ನಂಬದೆ, ಮೊದಲ ವಾರದಲ್ಲಿ ಒಂದು ಬೆಳಗಿನ ಜಾವ ಎದ್ದು ಸಂಪಿನ ಧಾರೆಗೆ ತಾವೇ ಒಮ್ಮೆ ಬಕೆಟ್ ಹಿಡಿದು ನೋಡಲಿ. ಲೆಕ್ಕ ಬದಲಾಗಿದ್ದರೆ ಹಳೆಯ ಸಾಲು ಹೊಡೆದು, ಕೆಳಗೆ ಹೊಸದನ್ನು ಬರೆಯಲಿ.