ಕಾಲರೇಖೆಯಲ್ಲಿ ಶಾಲೆಯ ಹಳೆಯ ಚಿತ್ರಗಳು

ನಿಮ್ಮ ಶಾಲೆ 1951ರಲ್ಲಿ ಆರಂಭವಾಯಿತೆಂದಿಟ್ಟುಕೊಳ್ಳಿ. 2026ರ ಅಮೃತ ಮಹೋತ್ಸವಕ್ಕೆ ಶಾಲೆಯ ಇತಿಹಾಸವನ್ನು ಒಂದೇ ಸ್ಲೈಡಿನಲ್ಲಿ ತೋರಿಸಬೇಕು. ಕೈಯಲ್ಲಿ ಐದು ಹಳೆಯ ಚಿತ್ರಗಳಿವೆ: 1951ರ ಉದ್ಘಾಟನೆ, 1963ರ ತರಗತಿ, 1978ರ ಹೊಸ ಕಟ್ಟಡ, 1983ರ ಗ್ರಂಥಾಲಯ, 2004ರ ಕಂಪ್ಯೂಟರ್ ಕೊಠಡಿ. ಐದನ್ನೂ ಸಮ ಅಂತರದಲ್ಲಿಟ್ಟು ಕೆಳಗೆ ಇಸವಿ ಬರೆದರೆ ಸ್ಲೈಡ್ ಅಂದವಾಗಿಯೇ ಕಾಣುತ್ತದೆ. ಆದರೆ 1978ರಿಂದ 1983ರವರೆಗಿನ 5 ವರ್ಷವೂ, ಅಲ್ಲಿಂದ 2004ರವರೆಗಿನ 21 ವರ್ಷವೂ ಒಂದೇ ಅಳತೆ ಎಂದು ಅದು ಹೇಳಿಬಿಡುತ್ತದೆ. ಗ್ರಾಫ್ ಹಾಳೆಯಲ್ಲಿ ವಿದ್ಯಾರ್ಥಿ ಹೀಗೆ ಮಾಡಿದ್ದರೆ ನಾವು ಅಂಕ ಕಳೆಯುತ್ತಿದ್ದೆವು.

ಆದ್ದರಿಂದ ಮೊದಲು ಮಾಪಕವನ್ನು ನಿರ್ಧರಿಸಿ. ಲಿಬ್ರೆ ಆಫೀಸ್ ಇಂಪ್ರೆಸ್‌ನ ಅಗಲದ ಸ್ಲೈಡ್ 28 ಸೆಂ.ಮೀ. ಇರುತ್ತದೆ. ಎರಡೂ ಬದಿಗೆ 2.75 ಸೆಂ.ಮೀ. ಬಿಟ್ಟರೆ 22.5 ಸೆಂ.ಮೀ. ಉಳಿಯುತ್ತದೆ. ಅದನ್ನು 75 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 0.3 ಸೆಂ.ಮೀ. ಯಾವುದೇ ಇಸವಿಯ ಸ್ಥಾನ:

x = 2.75 + 0.3 × (ಇಸವಿ − 1951)

ಇದರಂತೆ 1978ರ ಗುರುತು 10.85ಕ್ಕೆ, 1983ರದು 12.35ಕ್ಕೆ, 2004ರದು 18.65ಕ್ಕೆ ಬೀಳುತ್ತದೆ. ಗುರುತನ್ನು ಇಲಿಯಿಂದ ಎಳೆದು ಕೂರಿಸಬೇಡಿ. F4 ಒತ್ತಿ ಅಂಕಿಯನ್ನೇ ತುಂಬಿ. ಈಗ 1978 ಮತ್ತು 1983ರ ನಡುವೆ ಇರುವುದು ಒಂದೂವರೆ ಸೆಂ.ಮೀ. ಮಾತ್ರ. ಅಲ್ಲಿ 4 ಸೆಂ.ಮೀ. ಅಗಲದ ಎರಡು ಚಿತ್ರಗಳು ಅಕ್ಕಪಕ್ಕ ಹಿಡಿಯುವುದಿಲ್ಲ. ಪರಿಹಾರ ಸರಳ: ಕಾಲರೇಖೆ ಸತ್ಯ ಹೇಳಲಿ, ಚಿತ್ರಗಳ ಸಾಲು ಅಂದವನ್ನು ನೋಡಿಕೊಳ್ಳಲಿ. ಐದೂ ಚಿತ್ರಗಳನ್ನು 4:3 ಪ್ರಮಾಣಕ್ಕೆ ಕತ್ತರಿಸಿ (ಎಳೆದು ಹಿಗ್ಗಿಸಿದರೆ ಮುಖಗಳು ಊದಿಕೊಳ್ಳುತ್ತವೆ), ರೇಖೆಯ ಮೇಲುಗಡೆ ಸಾಲಾಗಿ ಇಡಿ. ಮೊದಲನೆಯದರ ಎಡ ಅಂಚು 2.75ಕ್ಕೆ, ಕೊನೆಯದರದು 21.25ಕ್ಕೆ ಇರಲಿ. ಎಲ್ಲವನ್ನೂ ಒಟ್ಟಿಗೆ ಆಯ್ದು Align Objects ಆಜ್ಞೆಯಿಂದ ಮೇಲಂಚನ್ನು ಸರಿದೂಗಿಸಿ; Distribute ಆಜ್ಞೆ ತುದಿಯ ಎರಡನ್ನು ಅಲುಗಿಸದೆ ನಡುವಿನ ಮೂರನ್ನು ಸಮ ಅಂತರಕ್ಕೆ ತರುತ್ತದೆ. ಪ್ರತಿ ಚಿತ್ರದ ಕೆಳಗಿನಿಂದ ಅದರ ಇಸವಿಯ ಗುರುತಿಗೆ ಒಂದು ತೆಳುಗೆರೆ ಎಳೆಯಿರಿ. ಚಿತ್ರಗಳ ಕ್ರಮವೂ ಇಸವಿಗಳ ಕ್ರಮವೂ ಒಂದೇ ಆದ್ದರಿಂದ ಗೆರೆಗಳು ಒಂದನ್ನೊಂದು ಕತ್ತರಿಸುವುದಿಲ್ಲ. ಕತ್ತರಿಸಿದರೆ ಎಲ್ಲೋ ಇಸವಿ ಅದಲುಬದಲಾಗಿದೆ ಎಂದೇ ಅರ್ಥ.

ಇನ್ನು ಚಿತ್ರಗಳ ದುರಸ್ತಿ. 9 ಸೆಂ.ಮೀ. ಅಗಲದ ಹಳೆಯ ಪ್ರತಿಯನ್ನು ಇಂಚಿಗೆ 600 ಬಿಂದುಗಳಂತೆ ಸ್ಕ್ಯಾನ್ ಮಾಡಿದರೆ ಸುಮಾರು 2,100 ಬಿಂದು ಸಿಗುತ್ತದೆ. ಇಡೀ ಪರದೆಗೆ ಹಿಗ್ಗಿಸಿದರೂ ಸಾಕು. ಚಿತ್ರ ಕಪ್ಪುಬಿಳುಪಾದರೂ ಸ್ಕ್ಯಾನ್ ಬಣ್ಣದಲ್ಲೇ ಆಗಲಿ. ಕಾರಣವಿದೆ. ಹಳದಿ ಕಲೆ ನೀಲಿ ಬೆಳಕನ್ನು ಹೀರುತ್ತದೆ, ಕೆಂಪನ್ನು ಬಹುಪಾಲು ಹಿಂದಿರುಗಿಸುತ್ತದೆ. ಆದ್ದರಿಂದ ಕಾಗದ ಹಳದಿಗಟ್ಟಿದ್ದರೆ, ಜಿಂಪ್‌ನಲ್ಲಿ ಕೆಂಪು ವಾಹಿನಿಯೊಂದನ್ನೇ ಬೇರ್ಪಡಿಸಿ ನೋಡಿ. ಕಲೆ ಬಹುಮಟ್ಟಿಗೆ ಮಾಯವಾಗಿರುತ್ತದೆ. ಆದರೆ ಕಾಗದವಲ್ಲ, ಚಿತ್ರದ ಬೆಳ್ಳಿಯೇ ಕ್ಷಯಿಸಿ ಹಳದಿ ಕಂದು ಆಗಿದ್ದರೆ ಇದೇ ಉಪಾಯ ತಿರುಗುಬಾಣವಾಗುತ್ತದೆ: ಕೆಂಪಿನಲ್ಲಿ ಮುಖಗಳೇ ಅಳಿಸಿಹೋಗಿ, ನೀಲಿ ವಾಹಿನಿಯಲ್ಲಿ ಎದ್ದು ಕಾಣುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆಯೇ ಆರಿಸಿಕೊಳ್ಳಿ. ಕೆಂಪಡರಿದ ಹಳೆಯ ಬಣ್ಣದ ಚಿತ್ರಗಳ ಕಥೆ ಬೇರೆ. ಕತ್ತಲಲ್ಲಿಟ್ಟರೂ ಅವುಗಳ ಹಸಿರುನೀಲಿ ವರ್ಣದ್ರವ್ಯ ಮಾಸುವುದರಿಂದ ಹಾಗಾಗುತ್ತದೆ. Levels ನಲ್ಲಿ ಒಂದೊಂದು ವಾಹಿನಿಯನ್ನೂ ಪ್ರತ್ಯೇಕವಾಗಿ ಸರಿಪಡಿಸಬಹುದು, ಆದರೆ ಪೂರ್ತಿ ಅಳಿದುಹೋದ ವಿವರ ಮರಳಿ ಬರುವುದಿಲ್ಲ.

ಗೀರು, ಧೂಳುಗಳನ್ನು ಪಕ್ಕದ ಭಾಗದ ನಕಲಿನಿಂದ ಮುಚ್ಚುವಾಗ ಅಕ್ಷರಗಳ ಹತ್ತಿರ ಹೋಗಬೇಡಿ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ತರಗತಿಯ ಚಿತ್ರದಲ್ಲಿ ಮುಂದೆ ಕೂತ ಹುಡುಗನ ಸ್ಲೇಟಿನ ಮೇಲೆ ಇಸವಿ ಬರೆದಿತ್ತು. ಕೊನೆಯ ಅಂಕಿಯ ಮೇಲೆ ಕಲೆ. ಕಲೆ ಮುಚ್ಚುವ ಭರದಲ್ಲಿ 3 ಹೋಗಿ 8 ಆಯಿತು, ನನಗೆ ಗೊತ್ತೇ ಆಗಲಿಲ್ಲ. ರೇಖೆಯಲ್ಲೂ ಅದನ್ನು ಒಂದೂವರೆ ಸೆಂ.ಮೀ. ಬಲಕ್ಕೆ, 1968ಕ್ಕೆ ಕೂರಿಸಿದೆ. ಸಮಾರಂಭದಲ್ಲಿ ಹಿರಿಯರೊಬ್ಬರು ಎದ್ದು ನಿಂತು, "ಮೇಷ್ಟ್ರೇ, ಎರಡನೇ ಸಾಲಲ್ಲಿರೋನು ನಾನು. ಅರವತ್ನಾಲ್ಕಕ್ಕೇ ನಾನು ಶಾಲೆ ಬಿಟ್ಟಿದ್ದೆ" ಎಂದರು.

ಮೂಲ ಸ್ಕ್ಯಾನನ್ನು ಬೇರೆ ಇಟ್ಟಿದ್ದರಿಂದ ಬಚಾವಾದೆ. ಅದರಲ್ಲಿ ಹಿಗ್ಗಿಸಿ ನೋಡಿದರೆ 3 ಸ್ಪಷ್ಟವಾಗಿತ್ತು. ಆಮೇಲೆ ಪ್ರತಿ ಇಸವಿಗೂ ಚಿತ್ರದ ಹೊರಗಿನ ಒಂದು ಆಧಾರ ಹುಡುಕತೊಡಗಿದೆ. ದಾಖಲಾತಿ ಪುಸ್ತಕ ಎಲ್ಲಕ್ಕಿಂತ ಗಟ್ಟಿ. ಫಲಕದಲ್ಲಿ 'ಮೈಸೂರು ರಾಜ್ಯ' ಎಂದಿದ್ದರೆ ಅದು 1973ರ ನವೆಂಬರ್‌ಗಿಂತ ಹಿಂದೆ ಬರೆದದ್ದು. ಆದರೆ ಹಳೆಯ ಫಲಕಕ್ಕೆ ಹೊಸ ಬಣ್ಣ ಬೀಳಲು ವರ್ಷಗಳೇ ಹಿಡಿದಿರಬಹುದು, ಆದ್ದರಿಂದ ಚಿತ್ರ ತೆಗೆದ ಕಾಲಕ್ಕೆ ಅದೊಂದೇ ಸಾಕ್ಷಿ ಸಾಲದು. ಇಸವಿ ನಿಶ್ಚಯವಾಗದ ಚಿತ್ರಕ್ಕೆ ರೇಖೆಯಲ್ಲಿ ಚುಕ್ಕಿಯ ಬದಲು ಪಟ್ಟಿ ಎಳೆಯಿರಿ: 1970ರಿಂದ 1975ರ ನಡುವಿನದಾದರೆ 8.45ರಿಂದ 9.95ರವರೆಗೆ.